ಡಬ್ಬಿ ತರೋ ಮುಂಚೆ ತಾಟು ಲೆಕ್ಕ ಹಾಕ್ರೋ

ಕಾರವಾರದಲ್ಲಿ ನನ್ನ ಹತ್ರ ಕಬಡ್ಡಿ ಕಲಿಯೋ ಹುಡುಗ ಒಬ್ಬ ಇದಾನೆ, 17 ವರ್ಷ, 56 ಕೇಜಿ. ಹೋದ ತಿಂಗಳು ಬಂದು ಸರ್, ಪ್ರೋಟೀನ್ ಡಬ್ಬಿ ತಗೋಬೇಕು, ಮನೇಲಿ ಮೂರು ಸಾವಿರ ಕೇಳಿದೀನಿ ಅಂದ. ಅವರಪ್ಪ ಬೋಟಿಗೆ ಹೋಗೋರು, ಮನೇಲಿ ಹೆಚ್ಚುಕಮ್ಮಿ ದಿನಾ ಮೀನು. ನಾನು ಬೇಡ ಅನ್ಲಿಲ್ಲ, ನಿನ್ನೆ ಏನೇನು ತಿಂದೆ ಹೇಳು ಮಾರಾಯ, ಬರೆಯೋಣ ಅಂದೆ.

ಬರೆಯೋಕೆ ಕೂತ್ರೆ ಎಲ್ರೂ ಎರಡು ತಪ್ಪು ಮಾಡ್ತಾರೆ. ಒಂದು, ನೆಟ್ಟಲ್ಲಿ ತೊಗರಿಬೇಳೆ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಅಂತ ನೋಡಿ ಒಂದು ಬಟ್ಲು ಸಾಂಬಾರಿಗೆ 22 ಅಂತ ಬರ್ಕೊಳ್ತಾರೆ, ಅದು ಒಣ ಬೇಳೆ ಲೆಕ್ಕ, ಬಟ್ಲಲ್ಲಿ ಮುಕ್ಕಾಲು ನೀರೇ ಇರತ್ತೆ. ಹಾಗಾಗಿ ಬೇಯಿಸೋ ಮುಂಚೆ ತೂಕ ಮಾಡಿ. ಅಮ್ಮ ನಾಲ್ಕು ಜನಕ್ಕೆ 100 ಗ್ರಾಂ ಬೇಳೆ ಹಾಕಿದ್ರೆ ನಿನ್ನ ಪಾಲು 25 ಗ್ರಾಂ, ಪ್ರೋಟೀನ್ 5, ಅದೂ ನೀನು ತಳದಿಂದ ಕಲಕಿ ಬಡಿಸ್ಕೊಂಡ್ರೆ. ಎರಡನೇ ತಪ್ಪು ಇದರ ಉಲ್ಟಾ, ಅನ್ನನ ಸೊನ್ನೆ ಅಂತ ಬಿಟ್ಟುಬಿಡೋದು. 100 ಗ್ರಾಂ ಅಕ್ಕೀಲಿ ಏಳೆಂಟು ಗ್ರಾಂ ಇದೆ, ನಾವು ತಿನ್ನೋ ಅನ್ನ ಕಡಿಮೆ ಏನಲ್ವಲ್ಲ.

ಅವನ ದಿನ ಹೀಗೆ ಬಂತು. ಬೆಳಿಗ್ಗೆ ಮೂರು ದೋಸೆ, ಉದ್ದು ಅಕ್ಕಿ ಸೇರಿ 9. ಮಧ್ಯಾಹ್ನ 120 ಗ್ರಾಂ ಅಕ್ಕಿ ಅನ್ನಕ್ಕೆ 9, ಬೇಳೆಗೆ 5, ಎರಡು ಬಂಗಡೆಗೆ 24 (ಮುಳ್ಳು ತಲೆ ಬಿಟ್ಟು ಬರೀ ಮಾಂಸದ ಲೆಕ್ಕ). ಸಂಜೆ ಒಂದು ಮುಷ್ಟಿ ಶೇಂಗಾ 7, ಒಂದು ಲೋಟ ಹಾಲು 6. ರಾತ್ರಿ ಮತ್ತೆ ಅನ್ನ 9, ಹೆಸರುಕಾಳು 7, ಒಂದು ಮೊಟ್ಟೆ 6. ಕೂಡಿಸಿದ್ರೆ 82. ಐಸಿಎಂಆರ್‌ನೋರು 2020ರಲ್ಲಿ 16ರಿಂದ 18ರ ಹುಡುಗ್ರಿಗೆ ದಿನಕ್ಕೆ 55 ಗ್ರಾಂ, ಹುಡುಗೀರಿಗೆ 46 ಅಂತ ಹೇಳಿದಾರೆ. ಜೋರಾಗಿ ಪ್ರಾಕ್ಟೀಸ್ ಮಾಡೋರಿಗೆ ಕೇಜಿಗೆ 1.2ರಿಂದ 1.6 ಗ್ರಾಂ ಅಂತ ಹಿಡಿದ್ರೂ ಅವನಿಗೆ 67ರಿಂದ 90. ಹುಡುಗ ಆಗ್ಲೇ ಅದರೊಳಗೇ ಇದಾನೆ! ಡಬ್ಬಿಯ ಒಂದು ಸ್ಕೂಪ್‌ನಲ್ಲಿ 24-25 ಗ್ರಾಂ ಇರತ್ತೆ, ಅಂದ್ರೆ ಅವನು ಮಧ್ಯಾಹ್ನ ತಿಂದ ಎರಡು ಬಂಗಡೆಯಷ್ಟೇ.

ಅದರ ಮೇಲೆ ಇನ್ನೂ ಸುರಿದ್ರೆ ತೋಳು ದಪ್ಪ ಆಗಲ್ಲ. ಕೊಬ್ಬಿನ ಹಾಗೆ ಪ್ರೋಟೀನ್ ಕೂಡಿಡೋ ಜಾಗ ದೇಹದಲ್ಲಿ ಇಲ್ಲ, ಜಾಸ್ತಿ ಆಗಿದ್ದನ್ನ ಒಡೆದು ಶಕ್ತಿಗೋ ಕೊಬ್ಬಿಗೋ ಬಳಸತ್ತೆ, ಅದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗತ್ತೆ. ವೇ ಪ್ರೋಟೀನ್ ಅಂದ್ರೂ ಏನೋ ಮಂತ್ರ ಅಲ್ಲ, ಹಾಲು ಒಡೆದು ಪನೀರ್ ಮಾಡೋವಾಗ ಉಳಿಯತ್ತಲ್ಲ ಆ ನೀರು, ಅದನ್ನೇ ಸೋಸಿ ಒಣಗಿಸಿ ಪುಡಿ ಮಾಡಿರೋದು.

ಈಗ ಘಟ್ಟದ ಮೇಲಿನೋರು ಕೇಳ್ತೀರಿ, ನಮ್ಮನೇಲಿ ಮೀನು ಮೊಟ್ಟೆ ಇಲ್ವಲ್ಲ ಅಂತ. ಇಲ್ಲಿ ನಿಜ ಹೇಳ್ಬೇಕು. ಶಿರಸಿಯ ನನ್ನ ಸ್ನೇಹಿತನ ಮಗಳು, 16 ವರ್ಷ, ಅವಳದ್ದೂ ಬರೆದ್ವಿ. ಎರಡು ದೋಸೆ 6, ಎರಡು ಹೊತ್ತಿನ ಅನ್ನ 13, ಹಾಲು 6, ಮೊಸರು 5. ಬರೀ 30! ಯಾಕಂದ್ರೆ ಅನ್ನಕ್ಕೆ ಕಲಸಿದ್ದು ತಂಬುಳಿ, ಅಪ್ಪೆಹುಳಿ. ನಂಗೂ ಅಪ್ಪೆಹುಳಿ ಅಂದ್ರೆ ಪ್ರಾಣ, ಎರಡು ಲೋಟ ಕುಡೀತೀನಿ, ಆದ್ರೆ ಅದ್ರಲ್ಲಿ ಪ್ರೋಟೀನ್ ಇಲ್ಲ ಅನ್ನಬಹುದು. ಅವಳ ತಾಟಿಗೆ 35 ಗ್ರಾಂ ಅಲಸಂದೆ ಕಾಳಿನ ಪಲ್ಯ 8, 20 ಗ್ರಾಂ ತೊಗರಿಬೇಳೆ ಹುಳಿ 4, ಸಂಜೆ ಹುರಿದ ಶೇಂಗಾ 6 ಸೇರಿಸಿದ್ವಿ, 48 ಆಯ್ತು. ಅನ್ನ-ಬೇಳೆ ಜೋಡೀನೂ ಸುಮ್ನೆ ಬಂದಿದ್ದಲ್ಲ, ಪ್ರೋಟೀನ್ ಕಟ್ಟೋ ಇಟ್ಟಿಗೆಗಳಲ್ಲಿ ಲೈಸಿನ್ ಅನ್ನೋದು ಅಕ್ಕೀಲಿ ಕಡಿಮೆ, ಬೇಳೇಲಿ ಅದು ಧಾರಾಳ, ಬೇಳೇಲಿ ಕಡಿಮೆ ಇರೋ ಮೆಥಿಯೋನಿನ್ ಅನ್ನೋ ಇನ್ನೊಂದು ಇಟ್ಟಿಗೇನ ಅಕ್ಕಿ ತುಂಬಿಕೊಡತ್ತೆ.

ಕರಾವಳಿಯೋರೂ ಒಂದು ನೆನಪಿಟ್ಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟು ಬಂದ್, ಬಂಗಡೆ ಸಿಕ್ಕಿದ್ರೂ ರೇಟ್ ಜಾಸ್ತಿ, ಆಗ ಆ 24 ಗ್ರಾಂ ತಾಟಿಂದ ಸದ್ದಿಲ್ದೆ ಮಾಯ ಆಗತ್ತೆ. ಅದೇ ಹೊತ್ತಿಗೆ ಎರಡು ಮೊಟ್ಟೆ ಜಾಸ್ತಿ, ಕಾಳು ದುಪ್ಪಟ್ಟು, ಒಣಮೀನಿದ್ರೆ ಅದೂ ಆಗಲಿ, ಆದ್ರೆ ಉಪ್ಪು ಜಾಸ್ತಿ ಇರತ್ತೆ, ಚೆನ್ನಾಗಿ ನೆನೆಸಿ ತೊಳೀರಿ.

ಯಾವ್ದಾದ್ರೂ ಕಾಯಿಲೆ ಇದ್ದು ಡಾಕ್ಟ್ರೇ ಪುಡಿ ಬರೆದುಕೊಟ್ಟಿದ್ರೆ ಅದು ಬೇರೆ, ಅವರು ಹೇಳ್ದಂಗೆ ಮಾಡಿ. ನಮ್ಮ ಕಬಡ್ಡಿ ಹುಡುಗ ಮೂರು ಸಾವಿರದಲ್ಲಿ ಒಳ್ಳೆ ಶೂ ತಗೊಂಡ, ರಾತ್ರಿ ಹನ್ನೆರಡಕ್ಕೆ ಮಲಗ್ತಿದ್ದೋನು ಈಗ ಹತ್ತಕ್ಕೆ ಮಲಗ್ತಾನೆ.