ಪರಸ್ಪರ ಪಾಠ ವೀಕ್ಷಣೆ: ಸಹೋದ್ಯೋಗಿಗಳಿಗೆ ಮುಖ್ಯ ಶಿಕ್ಷಕರ ಪತ್ರ

ಮುಖ್ಯ ಶಿಕ್ಷಕರ ಕಚೇರಿ
ಸರ್ಕಾರಿ ಪ್ರೌಢಶಾಲೆ
ದಿನಾಂಕ: 3 ನವೆಂಬರ್ 2025, ಸೋಮವಾರ

ವಿಷಯ: ನಮ್ಮ ನಮ್ಮಲ್ಲೇ ಪಾಠ ನೋಡುವ ಪ್ರಯೋಗದ ಬಗ್ಗೆ

ಆತ್ಮೀಯ ಸಹೋದ್ಯೋಗಿಗಳೇ,

ಇದನ್ನು ಸೂಚನಾ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಬಹುದಿತ್ತು. ಆದರೆ ಸೂಚನಾ ಪುಸ್ತಕಕ್ಕೆ ನಾವೆಲ್ಲ ಹೇಗೆ ಸಹಿ ಹಾಕುತ್ತೇವೆಂದು ನಮಗೆಲ್ಲ ಗೊತ್ತೇ ಇದೆ. ಅಲ್ಲದೆ ಇದು ಸೂಚನೆಯೂ ಅಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಕೊಡುತ್ತಿದ್ದೇನೆ. ಬಿಡುವಾದಾಗ ಓದಿ.

ಸಮೀಕ್ಷೆಯ ಓಡಾಟ, ದೀಪಾವಳಿ, ರಾಜ್ಯೋತ್ಸವ ಎಲ್ಲ ಮುಗಿದು ತರಗತಿಗಳು ಮತ್ತೆ ಹದಕ್ಕೆ ಬರುತ್ತಿವೆ. ಜನವರಿ ಬಂದರೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿ ಶುರು. ನಡುವೆ ಸಿಗುವ ಈ ಎರಡು ತಿಂಗಳಲ್ಲಿ ಒಂದು ಕೆಲಸ ಮಾಡಿ ನೋಡೋಣ ಎಂಬುದು ನನ್ನ ಕೋರಿಕೆ. ತಿಂಗಳಿಗೆ ಒಂದು ಸಲ, ನಮ್ಮಲ್ಲೊಬ್ಬರು ಇನ್ನೊಬ್ಬರ ತರಗತಿಯಲ್ಲಿ ಒಂದು ಅವಧಿ ಕೂತು ಪಾಠ ನೋಡುವುದು, ಆಮೇಲೆ ಇಬ್ಬರೂ ಹತ್ತು ಹದಿನೈದು ನಿಮಿಷ ಅದರ ಬಗ್ಗೆ ಮಾತಾಡುವುದು. ಇಷ್ಟೇ.

‘ಪಾಠ ವೀಕ್ಷಣೆ’ ಎಂದ ಕೂಡಲೇ ನಿಮ್ಮ ಮನಸ್ಸಿಗೆ ಏನು ಬರುತ್ತದೆಂದು ಊಹಿಸಬಲ್ಲೆ. ಬಿ.ಎಡ್. ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಅವಲೋಕನ ಪುಸ್ತಕ ತುಂಬುತ್ತಿದ್ದ ಸಹಪಾಠಿಗಳು. ಆಮೇಲಿನ ವರ್ಷಗಳಲ್ಲಿ ವಿಷಯ ಪರಿವೀಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು. ಅಧಿಕಾರಿಗಳು ಬರುತ್ತಾರೆಂಬ ಸುದ್ದಿ ಹಿಂದಿನ ದಿನವೇ ಬಂದಿರುತ್ತದೆ. ಬೀರುವಿನಲ್ಲಿದ್ದ ಚಾರ್ಟುಗಳು ಗೋಡೆಗೆ ಏರುತ್ತವೆ. ಪಾಠ ಯೋಜನೆ, ದಿನಚರಿ ಎಲ್ಲ ಮೇಜಿನ ಮೇಲೆ ನೀಟಾಗಿ ಕೂರುತ್ತವೆ. ಮೊದಲ ಬೆಂಚಿನ ಹುಡುಗಿ ಎಲ್ಲ ಪ್ರಶ್ನೆಗೂ ಉತ್ತರ ಹೇಳುತ್ತಾಳೆ. ವೀಕ್ಷಣಾ ವಹಿಯಲ್ಲಿ ‘ಬೋಧನೆ ತೃಪ್ತಿಕರ, ಇನ್ನೂ ಸುಧಾರಿಸಬಹುದು’ ಎಂದು ಬರೆದು ಹೋಗುತ್ತಾರೆ. ಆ ಒಂದು ವಾಕ್ಯವನ್ನು ಇಟ್ಟುಕೊಂಡು ಮಾರನೆಯ ದಿನ ಬೇರೆ ಥರ ಪಾಠ ಮಾಡಿದವರು ಯಾರಾದರೂ ಇದ್ದಾರೆಯೇ? ನಾನಂತೂ ಕಂಡಿಲ್ಲ.

ಆ ತಪಾಸಣೆ ಇಲಾಖೆಗೆ ಬೇಕು, ಅದು ನಡೆಯುತ್ತದೆ. ಮುಖ್ಯ ಶಿಕ್ಷಕಿಯಾಗಿ ನಾನು ನಿಮ್ಮ ಪಾಠ ನೋಡಿ ವಹಿಯಲ್ಲಿ ಬರೆಯಬೇಕಾದದ್ದೂ ಇದೆ, ಅದನ್ನೂ ನಿಲ್ಲಿಸುವಂತಿಲ್ಲ. ನಿಲ್ಲಿಸಿದ್ದೇನೆಂದು ಹೇಳಿ ನಿಮ್ಮನ್ನು ಒಪ್ಪಿಸುವುದು ನನಗೆ ಬೇಡ. ಈಗ ನಾನು ಹೇಳುತ್ತಿರುವುದು ಬೇರೆ ಬಾಗಿಲು, ಬೇರೆ ದಾರಿ. ಎರಡೂ ಎಲ್ಲೂ ಸೇರುವುದಿಲ್ಲ.

ಸೇರುವುದಿಲ್ಲವೆಂದು ಬಾಯಲ್ಲಿ ಹೇಳಿದರೆ ಸಾಲದು. ನೋಡಿದವರು ಬರೆದುಕೊಂಡ ಹಾಳೆ, ಪಾಠ ಮಾಡಿದವರ ಕೈಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ. ನನ್ನ ಕಚೇರಿಗೆ ಅದರ ಪ್ರತಿ ಬರುವುದಿಲ್ಲ. ಫೋಟೋ, ವಿಡಿಯೊ ಬೇಡ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ‘ಇವತ್ತು ಒಳ್ಳೆಯ ಪಾಠ ನೋಡಿದೆ’ ಎಂಬ ಮೆಚ್ಚುಗೆಯೂ ಬೇಡ, ಯಾಕೆಂದರೆ ಮುಂದಿನ ವಾರ ಮೆಚ್ಚುಗೆ ಬಾರದವರಿಗೆ ಅದೇ ಅಂಕವಾಗುತ್ತದೆ. ಅಂಕ, ಶ್ರೇಣಿ, ನಮೂನೆ ಯಾವುದೂ ಇಲ್ಲ. ಯಾರು ಯಾರ ತರಗತಿಗೆ ಯಾವ ದಿನ ಹೋದರು ಎಂಬುದಷ್ಟು ನನಗೆ ಗೊತ್ತಿದ್ದರೆ ಸಾಕು, ಅದೂ ಅವಧಿಗಳನ್ನು ಹೊಂದಿಸಿಕೊಡಲಿಕ್ಕೆ. ನಿಮ್ಮ ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವಾಗ ಈ ಪ್ರಯೋಗದ ಯಾವ ಮಾತೂ ಅದರಲ್ಲಿ ಬರುವುದಿಲ್ಲ. ಸೇರಿದಿರೋ ಇಲ್ಲವೋ ಎಂಬುದೂ ಬರುವುದಿಲ್ಲ.

ನಮ್ಮ ಇಬ್ಬರು ಅತಿಥಿ ಶಿಕ್ಷಕಿಯರಿಗೆ ಇದನ್ನು ಪ್ರತ್ಯೇಕವಾಗಿ ಹೇಳಬೇಕು. ಮುಂದಿನ ವರ್ಷ ನಿಮ್ಮನ್ನು ತೆಗೆದುಕೊಳ್ಳುವ ವಿಚಾರಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಚಿಕ್ಕವರು, ಹೊಸಬರು ಎಂದು ನಿಮ್ಮ ತರಗತಿಗೆ ಎಲ್ಲರೂ ಬಂದು ಕೂರುವುದು, ನೀವು ಮಾತ್ರ ಯಾರ ತರಗತಿಗೂ ಹೋಗದಿರುವುದು, ಹಾಗೆ ಆಗಬಾರದು. ನೀವೂ ಹಿರಿಯರ ಪಾಠ ನೋಡಬೇಕು, ಕಂಡದ್ದನ್ನು ಅವರಿಗೆ ಹೇಳಬೇಕು. ಹಿರಿಯರು ಕೇಳಿಸಿಕೊಳ್ಳುತ್ತಾರೆ, ಆ ಹೊಣೆ ನನ್ನದು.

ಒಂದು ವಿಷಯಕ್ಕೆ ಮಾತ್ರ ಈ ಗೋಪ್ಯತೆ ಅನ್ವಯಿಸುವುದಿಲ್ಲ. ಮಗುವಿನ ಮೇಲೆ ಕೈ ಮಾಡಿದ್ದು, ಹೀನಾಯವಾಗಿ ಬೈದದ್ದು ಕಂಡರೆ ಅದು ನನಗೆ ತಿಳಿಯಲೇಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇರುವುದರಿಂದ ಮಾತ್ರವಲ್ಲ, ಇಲ್ಲದಿದ್ದರೂ ತಿಳಿಯಬೇಕಿತ್ತು. ಮೊದಲೇ ಹೇಳಿಬಿಟ್ಟರೆ ಆಮೇಲೆ ಗೊಂದಲವಿರುವುದಿಲ್ಲ.

ಸಿಬ್ಬಂದಿ ಕೊಠಡಿಯಲ್ಲಿ ನಾನು ಈ ಮಾತು ಎತ್ತಿದಾಗ ಹಿಂದಿ ಮೇಡಂ ಕೇಳಿದರು: “ಮೇಡಂ, ನಮ್ಮಲ್ಲಿ ಒಂದು ವಿಷಯಕ್ಕೆ ಒಬ್ಬರೇ ಟೀಚರ್. ಪಿಸಿಎಂ ಸರ್ ಪಾಠ ನೋಡಿ ನಾನು ಏನು ಹೇಳಲಿ?” ಸರಿಯಾದ ಪ್ರಶ್ನೆ. ಎರಡು ದಿನ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು, ನಮ್ಮಂಥ ಶಾಲೆಗೆ ಅದೇ ಅನುಕೂಲ ಎಂದು. ಗಣಿತ ಬಲ್ಲವರು ಗಣಿತದ ಪಾಠ ನೋಡಿದರೆ ಅವರ ಕಣ್ಣು ಬೋರ್ಡಿನ ಮೇಲಿರುತ್ತದೆ, ಲೆಕ್ಕ ಮಾಡಿದ ಕ್ರಮ ಸರಿಯೇ ಎಂದು. ಹಿಂದಿ ಮೇಡಂ ಕಣ್ಣು ಮಕ್ಕಳ ಮೇಲಿರುತ್ತದೆ. ಲೆಕ್ಕ ಯಾವ ಹಂತದಲ್ಲಿ ತಮಗೇ ಕೈ ತಪ್ಪಿತು ಎಂಬುದೂ ಅವರಿಗೆ ಗೊತ್ತಾಗುತ್ತದೆ. ಬಹುಶಃ ಅದೇ ಹಂತದಲ್ಲಿ ಮೂರನೇ ಸಾಲಿನ ಮಕ್ಕಳೂ ಪೆನ್ನು ಕೆಳಗಿಟ್ಟಿರುತ್ತಾರೆ.

ಮತ್ತೆ, ಮಕ್ಕಳು ಅವರೇ ಅಲ್ಲವೇ? ಒಂಬತ್ತನೇ ತರಗತಿಯ ಅದೇ ನಲವತ್ತು ಮಕ್ಕಳಿಗೆ ನಾವು ಆರು ಜನ ಪಾಠ ಮಾಡುತ್ತೇವೆ. ಇಂಗ್ಲಿಷ್ ಅವಧಿಯಲ್ಲಿ ತಲೆ ಎತ್ತದ ಹುಡುಗ ಸಿಬಿಜೆಡ್ ಮೇಡಂ ದಾಸವಾಳ ಕತ್ತರಿಸಿ ತೋರಿಸುವಾಗ ಎದ್ದು ನಿಂತು ನೋಡುತ್ತಾನಂತೆ. ಪಿ.ಇ. ಸರ್ ಹೇಳುವ ಮಕ್ಕಳೇ ಬೇರೆ, ನಾವು ಹೇಳುವ ಮಕ್ಕಳೇ ಬೇರೆ. ಹೆಸರು ಮಾತ್ರ ಒಂದೇ. ಕನ್ನಡ ಅವಧಿಯಲ್ಲಿ ಪ್ರಶ್ನೆ ಕೇಳುವ ಹುಡುಗಿಯರು ಗಣಿತದಲ್ಲಿ ಯಾಕೆ ಸುಮ್ಮನಿರುತ್ತಾರೆ ಎಂಬುದನ್ನು ಹೊರಗಿನ ಯಾವ ಅಧಿಕಾರಿಯೂ ನಮಗೆ ಹೇಳಲಾರರು, ಅವರು ಕನ್ನಡದ ಅವಧಿಯನ್ನು ಕಂಡಿರುವುದಿಲ್ಲ. ಅದನ್ನು ಹೇಳಬಲ್ಲವರು ಪಕ್ಕದ ತರಗತಿಯಲ್ಲಿದ್ದಾರೆ.

ಇನ್ನು ಹೇಗೆ ಮಾಡುವುದು ಎಂಬುದು. ಏನನ್ನು ನೋಡಬೇಕೆಂದು ಹೇಳುವವರು ಪಾಠ ಮಾಡುವವರು. ಹಿಂದಿನ ದಿನ ಐದು ನಿಮಿಷ ಕೂತು ಒಂದೇ ಒಂದು ವಿಷಯ ಹೇಳಿ. ‘ಗುಂಪು ಕೆಲಸ ಕೊಟ್ಟಾಗ ಎಲ್ಲರೂ ಕೆಲಸ ಮಾಡುತ್ತಾರೋ, ಒಬ್ಬರೇ ಬರೆಯುತ್ತಾರೋ ನೋಡಿ’. ‘ಬೋರ್ಡಿನ ಮೇಲೆ ಬರೆಯುವಾಗ ನಾನು ಬೆನ್ನು ಹಾಕಿ ಎಷ್ಟು ಹೊತ್ತು ನಿಲ್ಲುತ್ತೇನೆ ನೋಡಿ’. ನೋಡುವವರು ಅಷ್ಟನ್ನೇ ನೋಡಬೇಕು. ಬೇರೆ ಏನೋ ಕಣ್ಣಿಗೆ ಬಿದ್ದರೂ, ಅವರಾಗಿ ಕೇಳಿದರೆ ಮಾತ್ರ ಹೇಳಿ. ಇದು ಕಷ್ಟ ಎಂದು ಗೊತ್ತು. ನಾವು ಮೇಷ್ಟ್ರುಗಳು, ತಿದ್ದುವುದು ನಮ್ಮ ಕೈಗೆ ಅಂಟಿದ ಅಭ್ಯಾಸ.

ಹಿಂದಿನ ಬೆಂಚಿನಲ್ಲಿ ಕೂರಬೇಡಿ, ಅಲ್ಲಿಂದ ಕಾಣುವುದು ಮಕ್ಕಳ ಜಡೆ ಮತ್ತು ಕಾಲರ್ ಮಾತ್ರ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಮಕ್ಕಳ ಮುಖ ಕಾಣುವಂತೆ ಕೂರಿ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರೆಲ್ಲ ಸೇರಿ ಒಂದು ಪಾಠವನ್ನು ಯೋಜಿಸಿ, ಒಬ್ಬರು ಬೋಧಿಸುವಾಗ ಉಳಿದವರು ಸುತ್ತ ನಿಂತು ಮಕ್ಕಳನ್ನು ನೋಡುವ ಹಳೆಯ ಪದ್ಧತಿಯಿದೆ. ಜುಗ್ಯೋ ಕೆಂಕ್ಯೂ ಎನ್ನುತ್ತಾರೆ. ಅವರಷ್ಟು ಜನ, ಅವರಷ್ಟು ಸಮಯ ನಮಗಿಲ್ಲ. ಮಕ್ಕಳನ್ನು ನೋಡುವ ಆ ಒಂದು ಅಂಶ ಸಾಕು. ಪಾಠದ ನಡುವೆ ಮಾತಾಡಬೇಡಿ, ಮಗುವಿನ ನೋಟ್ಸ್ ತಿದ್ದಬೇಡಿ, ಮೊಬೈಲ್ ತೆಗೆಯಬೇಡಿ. ‘ಇವತ್ತು ಸರ್ ನಮ್ಮ ಜೊತೆ ಪಾಠ ಕೇಳ್ತಾರೆ’ ಎಂದು ಮಕ್ಕಳಿಗೆ ಮೊದಲೇ ಹೇಳಿದರೆ ಅವರೂ ಹತ್ತು ನಿಮಿಷದಲ್ಲಿ ಮರೆತುಬಿಡುತ್ತಾರೆ.

ಬರೆದುಕೊಳ್ಳುವಾಗ ಕಂಡದ್ದನ್ನು ಬರೆಯಿರಿ, ಅನ್ನಿಸಿದ್ದನ್ನಲ್ಲ. ‘ತರಗತಿ ನಿರ್ವಹಣೆ ಚೆನ್ನಾಗಿತ್ತು’ ಎಂಬುದರಿಂದ ಕೇಳಿದವರಿಗೆ ಒಂದು ನಿಮಿಷದ ಸಂತೋಷ ಬಿಟ್ಟರೆ ಏನೂ ಸಿಗದು. ‘ಗುಂಪು ಕೆಲಸ ಶುರುವಾಗಿ ನಾಲ್ಕು ನಿಮಿಷಕ್ಕೆ ಬಾಗಿಲ ಬಳಿಯ ಗುಂಪು ಮುಗಿಸಿತು, ಆಮೇಲೆ ಅವರಿಗೆ ಕೆಲಸವಿರಲಿಲ್ಲ’ ಎಂದರೆ ಏನು ಮಾಡಬೇಕೆಂದು ಕೇಳಿದವರಿಗೇ ಹೊಳೆಯುತ್ತದೆ. ಅದೇ ದಿನ, ತಪ್ಪಿದರೆ ಮಾರನೆಯ ದಿನ, ಇಬ್ಬರೇ ಕೂತು ಮಾತಾಡಿ. ಮೊದಲ ಮಾತು ಪಾಠ ಮಾಡಿದವರದು. ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂಬ ಮಾತನ್ನು ದಯವಿಟ್ಟು ಕೊಠಡಿಯ ಹೊರಗೆ ಬಿಟ್ಟು ಬನ್ನಿ.

ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ. ಎಲ್ಲರಿಗೂ ಎಲ್ಲರ ಜೊತೆ ಹೊಂದುವುದಿಲ್ಲ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನೋಡಲು ಹೋಗುವುದು ನಿಮ್ಮ ಬಿಡುವಿನ ಅವಧಿಯಲ್ಲಾದ್ದರಿಂದ, ಆ ದಿನ ನಿಮಗೆ ಬದಲಿ ತರಗತಿ ಹಾಕುವುದಿಲ್ಲ. ಯಾರಾದರೂ ರಜೆಯಲ್ಲಿದ್ದರೆ ಆ ತರಗತಿಗೆ ನಾನು ಹೋಗುತ್ತೇನೆ. ಮಾತಾಡುವ ಹದಿನೈದು ನಿಮಿಷಕ್ಕೆ ಶನಿವಾರದ ಕೊನೆಯ ಅವಧಿಯಿಂದ ಸಮಯ ತೆಗೆದುಕೊಳ್ಳಬಹುದು. ಸಂಜೆ ಬಸ್ಸಿನ ಹೊತ್ತಿಗೆ ಯಾರನ್ನೂ ಕೂರಿಸುವುದಿಲ್ಲ. ಈಗ ಬೇಡ ಅನ್ನಿಸಿದವರು ಬೇಡ ಎನ್ನಿ, ಕಾರಣ ಕೇಳುವುದಿಲ್ಲ. ಡಿಸೆಂಬರ್ ಕೊನೆಗೆ ಎಲ್ಲರೂ ಕೂತು, ಇದರಿಂದ ಏನಾದರೂ ಪ್ರಯೋಜನವಾಯಿತೇ ಎಂದು ನೋಡೋಣ. ಆಗಿಲ್ಲ ಎಂದರೆ ಬಿಟ್ಟುಬಿಡೋಣ. ನಮ್ಮ ಶಾಲೆಗೆ ಇನ್ನೊಂದು ಕಡತ ಖಂಡಿತ ಬೇಕಾಗಿಲ್ಲ.

ಮೊದಲ ಸರದಿ ನನ್ನದು. ಇದೇ ಗುರುವಾರ, 6ನೇ ತಾರೀಕು, ಮೂರನೇ ಅವಧಿ, ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ. ಕರ್ನಾಟಕದ ನದಿಗಳ ಪಾಠ, ನಕಾಶೆ ಕೆಲಸ. ತುಂಗೆಯೂ ಶರಾವತಿಯೂ ಹುಟ್ಟುವುದು ಮಲೆನಾಡಿನಲ್ಲೇ, ಒಂದು ಪೂರ್ವಕ್ಕೆ ಹರಿದು ಇನ್ನೊಂದು ಪಶ್ಚಿಮಕ್ಕೆ ಹೋಗುವುದು ಯಾಕೆ ಎಂದು ಮಕ್ಕಳನ್ನು ಕೇಳಬೇಕೆಂದಿದ್ದೇನೆ. ನನಗಾಗಿ ನೀವು ನೋಡಬೇಕಾದದ್ದು ಒಂದೇ: ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡು ಕಾಯುತ್ತೇನೆ, ಆಮೇಲೆ ಯಾರು ಉತ್ತರಿಸುತ್ತಾರೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ ಐವತ್ತು ವರ್ಷಗಳ ಹಿಂದೆಯೇ ತರಗತಿಗಳ ಧ್ವನಿಮುದ್ರಣ ಕೇಳಿ, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ತೋರಿಸಿದ್ದರು. ನಾನು ಎಷ್ಟು ಕಾಯುತ್ತೇನೆಂದು ನನಗೆ ತಿಳಿಯುವ ದಾರಿಯಿಲ್ಲ, ಪಾಠ ಮಾಡುತ್ತ ಗಡಿಯಾರ ನೋಡಲಾಗದು.

ಆ ಅವಧಿ ಬಿಡುವಿರುವವರು ಇಂಗ್ಲಿಷ್ ಸರ್ ಮತ್ತು ಚಿತ್ರಕಲೆ ಮೇಡಂ. ಇಬ್ಬರೂ ಬರಬಹುದು. ನಾನು ಮುಖ್ಯ ಶಿಕ್ಷಕಿ ಎಂದು ಸಂಕೋಚ ಬೇಡ, ಕಂಡದ್ದನ್ನು ಹಾಗೆಯೇ ಬರೆದುಕೊಡಿ.

ಈ ಶನಿವಾರ ಕನಕ ಜಯಂತಿ ಇರುವುದರಿಂದ, ನಿಮ್ಮ ಜೊತೆಗಾರರು ಯಾರು, ಯಾವ ಅವಧಿ ಅನುಕೂಲ ಎಂಬುದನ್ನು ಮುಂದಿನ ಬುಧವಾರ, 12ನೇ ತಾರೀಕಿನೊಳಗೆ ಬಾಯಿಮಾತಿನಲ್ಲಿ ತಿಳಿಸಿ. ಬರೆದುಕೊಡಬೇಕಾಗಿಲ್ಲ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ