ವಿಷಯ: ಚಾಕಣದ ಸಪ್ಲೈಯರ್ ಕ್ವಾಲಿಟಿ ಹುದ್ದೆ – ಈಗಿನ ಸಂಬಳ 4.10 ಲಕ್ಷ ಯಾಕೆ, 7.60 ಲಕ್ಷ ಕೇಳುವುದು ಯಾಕೆ

ಸವಿತಾ ಮೇಡಂ, ನಮಸ್ಕಾರ.

ಮಂಗಳವಾರ ಫೋನಿನಲ್ಲಿ ತಾವು ಈ ಹುದ್ದೆಗೆ ಕಂಪನಿ 7ರಿಂದ 8.5 ಲಕ್ಷದವರೆಗೆ ಇಟ್ಟಿದೆ ಎಂದು ಹೇಳಿದಿರಿ. ಆಮೇಲೆ ನನ್ನ ಈಗಿನ ಸಿಟಿಸಿ 4 ಲಕ್ಷ 10 ಸಾವಿರ ಅಂದಾಗ, 30 ಪರ್ಸೆಂಟಿಗಿಂತ ಹೆಚ್ಚು ಹೈಕ್ ಕೊಡಿಸುವುದು ಕಷ್ಟ ಎಂದಿರಿ. ಹಾಗೆ ಲೆಕ್ಕ ಹಾಕಿದರೆ ನನಗೆ ಬರುವುದು 5 ಲಕ್ಷ 33 ಸಾವಿರ. ಕಂಪನಿ ಈ ಕೆಲಸಕ್ಕೆ ತಾನೇ ಇಟ್ಟ ಕನಿಷ್ಠ ಮೊತ್ತಕ್ಕಿಂತ ಅದು 1 ಲಕ್ಷ 67 ಸಾವಿರ ಕಡಿಮೆ. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲಾಗಲಿಲ್ಲ. ನಾವು ಕನ್ನಡದಲ್ಲೇ ಮಾತಾಡಿದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕಂಪನಿಯವರಿಗೆ ದಾಟಿಸಬೇಕಾದ ನಾಲ್ಕು ಸಾಲು ಕೊನೆಯಲ್ಲಿವೆ.

ಮೊದಲು ಸಂಬಳದ ನಿಜ ಲೆಕ್ಕ. ವರ್ಷದ 4,10,000ರಲ್ಲಿ ಕಂಪನಿಯ ಪಾಲಿನ ಪಿಎಫ್ 21,600, ಗ್ರ್ಯಾಚುಟಿ 9,860, ಮೆಡಿಕಲ್ ಇನ್ಶೂರೆನ್ಸ್ 6,540. ಇವನ್ನು ಕಳೆದರೆ ತಿಂಗಳ ಗ್ರಾಸ್ 31,000. ಅದರಲ್ಲಿ ನನ್ನ ಪಾಲಿನ ಪಿಎಫ್ 1,800 ಮತ್ತು ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ ಬರುವುದು 29,000. ವೇರಿಯಬಲ್ ಇಲ್ಲ. ಕಂಪನಿ ಬಸ್ಸು ಮತ್ತು ಕ್ಯಾಂಟೀನಿನ ರಿಯಾಯಿತಿ ಸಿಟಿಸಿಯಲ್ಲಿ ಸೇರಿಲ್ಲ. ನವೆಂಬರ್, ಡಿಸೆಂಬರ್, ಜನವರಿಯ ಸ್ಯಾಲರಿ ಸ್ಲಿಪ್ಪುಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಫಾರಂ 16 ಕೇಳಿದ್ದಿರಿ. ನನ್ನ ಸಂಬಳದಲ್ಲಿ ಇನ್‌ಕಮ್ ಟ್ಯಾಕ್ಸ್ ಕಡಿತವೇ ಆಗಿಲ್ಲ, ಹಾಗಾಗಿ ಕಂಪನಿ ಅದನ್ನು ಕೊಟ್ಟಿಲ್ಲ. ಅದರ ಬದಲು ಪಿಎಫ್ ಪಾಸ್‌ಬುಕ್, ರಿಟರ್ನ್ ಸಲ್ಲಿಸಿದ ಸ್ವೀಕೃತಿ ಮತ್ತು ನಾಲ್ಕೂ ಇನ್‌ಕ್ರಿಮೆಂಟ್ ಪತ್ರಗಳನ್ನು ಕಳಿಸಿದ್ದೇನೆ. ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲಿ ಇದಕ್ಕಿಂತ ಬೇರೆ ಅಂಕಿ ಯಾವುದೂ ಸಿಗುವುದಿಲ್ಲ.

ಈ ಮೊತ್ತ ಇಷ್ಟು ಕೆಳಗೆ ಉಳಿದಿದ್ದಕ್ಕೆ ಕಾರಣ ಆರಂಭದ ಅಂಕಿ. 2019ರ ಜುಲೈನಲ್ಲಿ ಡಿಪ್ಲೊಮಾ ಟ್ರೈನಿಯಾಗಿ ಸೇರಿದೆ. 2020ರ ಜುಲೈನಲ್ಲಿ ಕಾಯಂ ಆದಾಗ ಲಾಕ್‌ಡೌನಿನಿಂದ ಆರ್ಡರ್ ಕುಸಿದಿದ್ದವು, ಆಗ ನಿಗದಿಯಾದದ್ದು 2,88,000. 2021ರಲ್ಲಿ ಯಾರಿಗೂ ಇನ್‌ಕ್ರಿಮೆಂಟ್ ಇರಲಿಲ್ಲ. ಆಮೇಲೆ 2022ರಲ್ಲಿ 8 ಪರ್ಸೆಂಟ್, 2023ರಲ್ಲಿ ಇಂಜಿನಿಯರ್ ಹುದ್ದೆಗೆ ಬಡ್ತಿ ಸೇರಿ 12, 2024ರಲ್ಲಿ 8, 2025ರಲ್ಲಿ 9. ಈ ಪರ್ಸೆಂಟುಗಳಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಅವು ಕೂತದ್ದು ತೀರ ಸಣ್ಣ ಮೊತ್ತದ ಮೇಲೆ, ಅಷ್ಟೇ.

ಒಂದು ಲೆಕ್ಕ ನೋಡಿ ಮೇಡಂ. ಇದೇ ಕೆಲಸ, ಇದೇ ನಾಲ್ಕು ಇನ್‌ಕ್ರಿಮೆಂಟು, ಆದರೆ 2020ರಲ್ಲಿ ದೊಡ್ಡ ಕಂಪನಿಯೊಂದರಲ್ಲಿ 4 ಲಕ್ಷಕ್ಕೆ ಶುರು ಮಾಡಿದವನ ಸಂಬಳ ಇವತ್ತು 5 ಲಕ್ಷ 70 ಸಾವಿರ ಆಗಿರುತ್ತದೆ. ಅವನಿಗೆ ನಿಮ್ಮ 30 ಪರ್ಸೆಂಟ್ ಸೇರಿಸಿದರೆ 7 ಲಕ್ಷ 40 ಸಾವಿರ, ಅಂದರೆ ಕಂಪನಿಯ ಬ್ಯಾಂಡಿನೊಳಗೆ ಸಲೀಸಾಗಿ ಕೂರುತ್ತಾನೆ. ನನಗೆ 5.33. ಇಬ್ಬರ ನಡುವಿನ 2 ಲಕ್ಷ 7 ಸಾವಿರದ ಅಂತರ ಆರು ವರ್ಷದ ಹಿಂದೆ ಯಾರು ಯಾವ ಗೇಟಿನೊಳಗೆ ಹೋದರು ಎಂಬುದನ್ನು ಮಾತ್ರ ಅಳೆಯುತ್ತದೆ. ಕ್ವಾಲಿಟಿಯವರ ಮಾತಿನಲ್ಲಿ ಹೇಳುವುದಾದರೆ ಡೇಟಮ್, ಅಂದರೆ ಅಳತೆಗೆ ಹಿಡಿಯುವ ಆಧಾರ, ತಪ್ಪಾಗಿದೆ. ಡೇಟಮ್ ತಪ್ಪಿದರೆ ಸಿಎಂಎಂ ಅಳತೆ ಯಂತ್ರ ಎಷ್ಟೇ ನಿಖರ ಇರಲಿ, ರಿಪೋರ್ಟಿನ ಒಂದೂ ಅಳತೆ ಉಪಯೋಗಕ್ಕೆ ಬಾರದು.

ಹಾಗಾದರೆ ಅಳೆಯಬೇಕಾದ್ದು ಯಾವುದನ್ನು? ಈ ಹುದ್ದೆಯ ವಿವರದಲ್ಲಿ ಕಂಪನಿ ಕೇಳಿರುವುದು ನಾಲ್ಕು: ಪಾರ್ಟಿಗೆ ಒಪ್ಪಿಗೆ ಕೋರುವ ಪಿಪಿಎಪಿ ಕಡತದ ಪರಿಶೀಲನೆ, ಸಪ್ಲೈಯರ್ ಆಡಿಟ್, ದೂರಿನ ಮೂಲ ಹುಡುಕಿ ಸರಿಪಡಿಸುವ 8ಡಿ ಮುಚ್ಚುವುದು, ಡೈ-ಕಾಸ್ಟಿಂಗ್ ಮತ್ತು ಮಷಿನಿಂಗ್ ಪ್ರಕ್ರಿಯೆಯ ಜ್ಞಾನ. ಭೋಸರಿಯ ಈಗಿನ ಕಂಪನಿಯಲ್ಲಿ ನಾನು ಮಾಡುತ್ತಿರುವುದು ಇವನ್ನೇ, ಆದರೆ ಮೇಜಿನ ಆ ಕಡೆ, ಸಪ್ಲೈಯರ್ ಆಗಿ ಕೂತು. ಸಪ್ಲೈಯರ್ ಕಳಿಸುವ ಕಾಗದದಲ್ಲಿ ಎಲ್ಲಿ ಟೊಳ್ಳಿರುತ್ತದೆ ಎಂಬುದು ಅದನ್ನು ತಯಾರಿಸಿದವನಿಗೆ ಗೊತ್ತಿರುತ್ತದೆ.

ಕಳೆದ ಮೂರು ವರ್ಷದಲ್ಲಿ ಲೆವೆಲ್ 3ರ 14 ಪಿಪಿಎಪಿಗಳನ್ನು ಪೂರ್ತಿ ನಾನೇ ಸಿದ್ಧಪಡಿಸಿದ್ದೇನೆ, ಅವುಗಳಲ್ಲಿ 12 ಮೊದಲ ಸಲವೇ ಒಪ್ಪಿಗೆಯಾಗಿವೆ. ವಾಪಸ್ಸು ಬಂದ ಎರಡಕ್ಕೂ ಕಾರಣ ಒಂದೇ: ಕಂಟ್ರೋಲ್ ಪ್ಲಾನಿನಲ್ಲಿದ್ದ ವಿಶೇಷ ಗುಣಲಕ್ಷಣಗಳು, ಎಲ್ಲಿ ಏನು ಕೆಡಬಹುದೆಂದು ಪಟ್ಟಿಮಾಡುವ ಎಫ್ಎಂಇಎಯೊಂದಿಗೆ ತಾಳೆಯಾಗಿರಲಿಲ್ಲ. ಈಗ ಸಲ್ಲಿಸುವ ಮುಂಚೆ ಡ್ರಾಯಿಂಗ್, ಫ್ಲೋ ಚಾರ್ಟ್, ಎಫ್ಎಂಇಎ, ಕಂಟ್ರೋಲ್ ಪ್ಲಾನ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಆಪರೇಷನ್ ನಂಬರಿನ ಪ್ರಕಾರ ತಾಳೆ ನೋಡುವ ಕ್ರಮ ಇದೆ.

ಟೆಕ್ನಿಕಲ್ ಸುತ್ತಿನಲ್ಲಿ ಕೇಳಲು ಅನುಕೂಲವಾಗಲಿ ಎಂದು ಒಂದು ಉದಾಹರಣೆಯನ್ನು ವಿವರವಾಗಿ ಕೊಡುತ್ತೇನೆ. ಅಲ್ಯೂಮಿನಿಯಂ ಹೌಸಿಂಗಿನ 47 ಎಚ್7 ಬೋರ್, ಅಂದರೆ ಟಾಲರೆನ್ಸ್ ಸೊನ್ನೆಯಿಂದ 25 ಮೈಕ್ರಾನ್. ಮಷಿನ್ ಮೇಲೆ ಸರಿಯಾಗಿ ಬರುತ್ತಿತ್ತು, ಗಿರಾಕಿಯ ಲೈನಿನಲ್ಲಿ ಬೇರಿಂಗ್ ಕೂರುತ್ತಿರಲಿಲ್ಲ. ಟೂಲ್ ಸವೆತ ಎಂದು ಮೂರು ತಿಂಗಳು ಇನ್ಸರ್ಟ್ ಬದಲಿಸಿದ್ದಾಯಿತು. ನಿಜವಾದ ಕಾರಣ ಎರಡಿದ್ದವು. ಕ್ಲಾಂಪಿನ ಒತ್ತಡಕ್ಕೆ ತೆಳು ಗೋಡೆ ಬಾಗಿ, ಬಿಗಿದಿರುವಾಗ ದುಂಡಗಿದ್ದ ಬೋರ್ ಬಿಚ್ಚಿದ ಮೇಲೆ 12 ಮೈಕ್ರಾನಿನಷ್ಟು ಅಂಡಾಕಾರವಾಗುತ್ತಿತ್ತು. ಜೊತೆಗೆ ಲೈನಿನಲ್ಲಿದ್ದ ಗೇಜಿನ ಆರ್ ಅಂಡ್ ಆರ್, ಅಂದರೆ ಅಳೆಯುವುದರಲ್ಲೇ ಆಗುವ ಏರುಪೇರು, 34 ಪರ್ಸೆಂಟ್ ಇತ್ತು. 30 ದಾಟಿದ ಗೇಜು ಒಳ್ಳೆಯ ಪಾರ್ಟನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾರದು, ಆದ್ದರಿಂದ ತೊಂದರೆ ಅಲ್ಲೇ ಕಣ್ಣಿಗೆ ಬೀಳಲಿಲ್ಲ. ಕ್ಲಾಂಪನ್ನು ರಿಬ್ ಇರುವ ಜಾಗಕ್ಕೆ ಸರಿಸಿ, ಫಿನಿಶ್ ಬೋರಿಂಗಿಗೆ ಮುಂಚೆ ಒತ್ತಡ ಇಳಿಸಿ, ಏರ್ ಗೇಜ್ ಹಾಕಿದ ಮೇಲೆ ಆರ್ ಅಂಡ್ ಆರ್ 9ಕ್ಕೆ ಬಂತು, ಪ್ರಕ್ರಿಯೆ ಟಾಲರೆನ್ಸಿನೊಳಗೆ ನಿಲ್ಲುವ ಸಾಮರ್ಥ್ಯ ತೋರಿಸುವ ಸಿಪಿಕೆ 0.94ರಿಂದ 1.71ಕ್ಕೆ ಏರಿತು. ಆ ಪಾರ್ಟಿನ ಗಿರಾಕಿ ಪಿಪಿಎಂ, ಅಂದರೆ ಹತ್ತು ಲಕ್ಷ ಪಾರ್ಟಿಗೆ ಕೆಟ್ಟವುಗಳ ಸಂಖ್ಯೆ, 420ರಿಂದ 65ಕ್ಕೆ ಇಳಿಯಿತು. ಗಿರಾಕಿಯ ಹೆಸರು ತೆಗೆದ 8ಡಿ ಸಾರಾಂಶ ಒಂದು ಪುಟದಲ್ಲಿದೆ, ಸಂದರ್ಶನಕ್ಕೆ ತರುತ್ತೇನೆ.

ಇದಲ್ಲದೆ ಪಿಸಿ-ಡಿಮಿಸ್‌ನಲ್ಲಿ ಸಿಎಂಎಂ ಪ್ರೋಗ್ರಾಮ್ ಬರೆಯುತ್ತೇನೆ, ವಾಹನ ಉದ್ಯಮದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರ ಇಂಟರ್ನಲ್ ಆಡಿಟರ್ ಆಗಿದ್ದೇನೆ.

ಇಲ್ಲದ್ದನ್ನೂ ಹೇಳಬೇಕು. ಜರ್ಮನ್ ವಾಹನ ಉದ್ಯಮದ ಪ್ರಕ್ರಿಯೆ ಆಡಿಟ್ ಮಾನದಂಡವಾದ ವಿಡಿಎ 6.3ರ ಆಡಿಟರ್ ಸರ್ಟಿಫಿಕೇಟ್ ನನ್ನ ಬಳಿ ಇಲ್ಲ. ನನ್ನ ಕೈಕೆಳಗೆ ಇಬ್ಬರು ಇನ್‌ಸ್ಪೆಕ್ಟರುಗಳು ಇದ್ದಾರೆಯೇ ಹೊರತು ದೊಡ್ಡ ತಂಡ ನಡೆಸಿಲ್ಲ. ಅದಕ್ಕೇ ಬ್ಯಾಂಡಿನ ಮೇಲ್ತುದಿಯಾದ 8.5 ಕೇಳುತ್ತಿಲ್ಲ. ನಾನು ಕೇಳುವುದು 7 ಲಕ್ಷ 60 ಸಾವಿರ, ಪೂರ್ತಿ ಫಿಕ್ಸೆಡ್. ವೇರಿಯಬಲ್ ಇದ್ದರೆ ಅದು ಇದರ ಮೇಲೆ. ಕಂಪನಿಗೆ ಅಷ್ಟು ಆಗದಿದ್ದರೆ 7.40 ಫಿಕ್ಸೆಡ್ ಮತ್ತು ಆರು ತಿಂಗಳಿಗೆ ಒಂದು ಪರಿಷ್ಕರಣೆ. ಆದರೆ ಆ ಪರಿಷ್ಕರಣೆ ಆಫರ್ ಲೆಟರಿನಲ್ಲೇ ಬರೆದಿರಬೇಕು, ಜೊತೆಗೆ ವಿಡಿಎ 6.3 ತರಬೇತಿಯ ಖರ್ಚನ್ನು ಕಂಪನಿ ಭರಿಸಬೇಕು. 5.33ಕ್ಕೆ, ಅಥವಾ ಜಾಯಿನಿಂಗ್ ಬೋನಸ್ ಸೇರಿಸಿ 7 ತೋರಿಸುವ ಆಫರಿಗೆ, ನಾನು ಒಪ್ಪುವುದಿಲ್ಲ. ಬೋನಸ್ ಒಂದೇ ವರ್ಷಕ್ಕೆ ಮುಗಿಯುತ್ತದೆ, ಮುಂದಿನ ಇನ್‌ಕ್ರಿಮೆಂಟು ಮತ್ತೆ ಸಣ್ಣ ಮೊತ್ತದ ಮೇಲೇ ಕೂರುತ್ತದೆ. ಇದನ್ನು ಈಗಲೇ ಹೇಳಿದರೆ ಮೂರು ಸುತ್ತು ಮುಗಿಸಿದ ಮೇಲೆ ನಿಮ್ಮ ಶ್ರಮ ವ್ಯರ್ಥವಾಗದು.

ಕಂಪನಿಯವರಿಗೆ ಎರಡು ಅನುಮಾನ ಬರುವುದು ಸಹಜ. ಇಷ್ಟು ದೊಡ್ಡ ಜಿಗಿತ ಕೊಟ್ಟರೆ ಒಳಗಿರುವವರು ಬೇಸರಪಡುತ್ತಾರೆ ಎಂಬುದು ಒಂದು. ಅವರ ಒಳಗಿನವರು ಇದೇ ಬ್ಯಾಂಡಿನಲ್ಲಿದ್ದಾರೆ, ಬೇಸರ ತರುವುದು ಬ್ಯಾಂಡಿನ ಹೊರಗಿನ ಸಂಬಳ. ಒಂದೇ ಮೇಜಿನಲ್ಲಿ ಅದೇ ಕೆಲಸ ಮಾಡುವವನೊಬ್ಬ 5.33ಕ್ಕೆ ಇದ್ದರೆ ಅವನು ವರ್ಷದೊಳಗೆ ಬೇರೆ ಕಡೆ ನೋಡುತ್ತಾನೆ, ತಾವು ಇದೇ ಹುದ್ದೆ ಮತ್ತೆ ತುಂಬಬೇಕಾಗುತ್ತದೆ. ಇನ್ನೊಂದು, ಆಫರ್ ಹಿಡಿದು ಈಗಿನ ಕಂಪನಿಯಲ್ಲಿ ಚೌಕಾಸಿ ಮಾಡುತ್ತಾನೇನೋ ಎಂಬುದು. ಮಾಡುವುದಿಲ್ಲ. ನೋಟಿಸ್ 60 ದಿನ, ಉಳಿದಿರುವ ರಜೆ 18 ದಿನ. ಅದನ್ನು ಹೊಂದಿಸಲು ಮ್ಯಾನೇಜರ್ ಒಪ್ಪಿದರೆ ಸುಮಾರು 45 ದಿನಕ್ಕೆ ಬಿಡುಗಡೆ ಸಿಗುತ್ತದೆ. ಆಫರ್ ಲೆಟರ್ ಕೈಸೇರಿದ ಮರುದಿನ ರಾಜೀನಾಮೆ ಕೊಟ್ಟು ಸ್ವೀಕೃತಿಯ ಪ್ರತಿ ತಮಗೆ ಕಳಿಸುತ್ತೇನೆ.

ಹಿಂದಿನ ಸಂಬಳ ಕೇಳಬಾರದೆಂಬ ಕಾನೂನು ನಮ್ಮಲ್ಲಿಲ್ಲ, ಅದಕ್ಕೇ ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟೆ. ಆದರೆ ಈ ಕಂಪನಿಯ ಮೂಲ ಸಂಸ್ಥೆ ಜರ್ಮನಿಯದು. ಯುರೋಪಿಯನ್ ಒಕ್ಕೂಟದ 2023ರ ವೇತನ ಪಾರದರ್ಶಕತೆಯ ನಿರ್ದೇಶನ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವುದನ್ನೇ ತಡೆಯುತ್ತದೆ, ಅದನ್ನು ಕಾನೂನಾಗಿಸಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಇದು ಚಾಕಣಕ್ಕೆ ಅನ್ವಯಿಸುವುದಿಲ್ಲ. ಆದರೂ ಹುದ್ದೆಗೆ ಬೆಲೆ ಕಟ್ಟುವ ಪದ್ಧತಿ ಅವರ ಎಚ್‌ಆರ್‌ಗೆ ಹೊಸದಾಗಿರಲಾರದು.

ತಮ್ಮ ಸಿಸ್ಟಮ್‌ನಲ್ಲಿ ಕರೆಂಟ್ ಸಿಟಿಸಿ ತುಂಬಿದೊಡನೆ ಹೈಕ್ ಪರ್ಸೆಂಟ್ ತಾನಾಗಿ 85 ಎಂದು ಬರುತ್ತದೆ, ಅಲ್ಲೇ ಕಡತ ನಿಲ್ಲುವ ಸಂಭವ ಹೆಚ್ಚು. ಆದ್ದರಿಂದ ರಿಮಾರ್ಕ್ಸ್‌ನಲ್ಲಿ ಈ ನಾಲ್ಕು ಸಾಲನ್ನು ಇಂಗ್ಲಿಷಿಗೆ ಮಾಡಿ ಹಾಕಬೇಕೆಂದು ಕೋರಿಕೆ:

"ಅಭ್ಯರ್ಥಿಯ ಈಗಿನ ಸಂಬಳ 4.10 ಲಕ್ಷ, ದಾಖಲೆ ನೋಡಲಾಗಿದೆ. 2020ರ ಕಡಿಮೆ ಆರಂಭ ಮತ್ತು ಒಂದೇ ಕಂಪನಿಯ ಸೇವೆ ಇದಕ್ಕೆ ಕಾರಣ.
ಲೆವೆಲ್ 3ರ 14 ಪಿಪಿಎಪಿ, ಐಎಟಿಎಫ್ ಇಂಟರ್ನಲ್ ಆಡಿಟ್, ಸಿಎಂಎಂ ಪ್ರೋಗ್ರಾಮಿಂಗ್; ಒಂದು ಪಾರ್ಟಿನಲ್ಲಿ ಪಿಪಿಎಂ 420ರಿಂದ 65.
ನಿರೀಕ್ಷೆ 7.60 ಫಿಕ್ಸೆಡ್, ಹುದ್ದೆಯ ಬ್ಯಾಂಡಿನೊಳಗೆ, ಮಧ್ಯಬಿಂದುವಿಗಿಂತ ಕೆಳಗೆ.
ಹೈಕ್ ಪರ್ಸೆಂಟ್ ಬದಲು ಟೆಕ್ನಿಕಲ್ ಸುತ್ತಿನ ಅಂಕ ನೋಡಿ ನಿರ್ಧರಿಸಲು ಶಿಫಾರಸು."

ಕೊನೆಯ ಸಾಲು ಬರೆಯಲು ತಮಗೆ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ, ಮೊದಲ ಮೂರು ಸಾಕು. ಟೆಕ್ನಿಕಲ್ ಸುತ್ತು ಮೊದಲು ಆಗಲಿ, ಸಂಬಳದ ಮಾತು ಆಮೇಲೆ. ಅಲ್ಲಿ ನಾನು ಈ ಬ್ಯಾಂಡಿಗೆ ತಕ್ಕವನಲ್ಲ ಅಂತ ಅವರಿಗೆ ಅನಿಸಿದರೆ ತಕರಾರು ಮಾಡದೆ ಹಿಂದೆ ಸರಿಯುತ್ತೇನೆ.

ಭೋಸರಿ ಎಂಐಡಿಸಿಯಲ್ಲಿ ನಮಗೆ ವಾರದ ರಜೆ ಗುರುವಾರ. ಅವತ್ತು ಬೆಳಿಗ್ಗೆ 10ರಿಂದ ಯಾವ ಹೊತ್ತಿಗಾದರೂ ಚಾಕಣಕ್ಕೆ ಬರಬಲ್ಲೆ. ಉಳಿದ ದಿನ ಸಂಜೆ 6ರ ನಂತರ ಫೋನ್ ಮಾಡಿ. ಕಂಪನಿಯ ಉತ್ತರ ಇಲ್ಲ ಎಂದಾದರೂ ಬುಧವಾರದೊಳಗೆ ಒಂದು ಮಾತು ತಿಳಿಸಿ, ಇನ್ನೊಂದು ಕಡೆಯ ಸಂದರ್ಶನಕ್ಕೆ ಅದೇ ಗುರುವಾರ ಕೊಡಬೇಕಿದೆ.

ವಂದನೆಗಳೊಂದಿಗೆ,
ಸಂಗಮೇಶ
ಕ್ವಾಲಿಟಿ ಇಂಜಿನಿಯರ್, ಭೋಸರಿ, ಪುಣೆ