ಭದ್ರತಾ ಠೇವಣಿ ಮರಳಿಸುವಂತೆ ಕೋರಿ ಕಾನೂನು ತಿಳಿವಳಿಕೆ ಪತ್ರ

ಸ್ಪೀಡ್ ಪೋಸ್ಟ್, ಸ್ವೀಕೃತಿ ರಸೀದಿ ಸಹಿತ
ದಿನಾಂಕ: 12-11-2025, ಹಾಸನ

ಇವರಿಂದ: ಕೆ. ಶೋಭಾ, ಕುವೆಂಪುನಗರ, ಹಾಸನ
ಇವರಿಗೆ: ಶ್ರೀ ರಂಗೇಗೌಡರು, ಮನೆ ಮಾಲೀಕರು, ವಿದ್ಯಾನಗರ, ಹಾಸನ

ಮಾನ್ಯರೇ,

ವಿದ್ಯಾನಗರದ ತಮ್ಮ ಮನೆಯ ಮೊದಲ ಮಹಡಿಯಲ್ಲಿ 1-11-2024ರಿಂದ 11 ತಿಂಗಳ ಕರಾರಿನಂತೆ ತಿಂಗಳಿಗೆ 10,000 ರೂ. ಬಾಡಿಗೆಗೆ ನಾನು ವಾಸವಿದ್ದೆ. ಭದ್ರತಾ ಠೇವಣಿ 1,20,000 ರೂ.ಗಳನ್ನು 28-10-2024ರಂದು ನನ್ನ ಬ್ಯಾಂಕ್ ಖಾತೆಯಿಂದ ತಮ್ಮ ಖಾತೆಗೆ ಜಮಾ ಮಾಡಿದ್ದೇನೆ. ಬಾಡಿಗೆ ಯಾವ ತಿಂಗಳದ್ದೂ ಬಾಕಿ ಇಲ್ಲ.

ಅವಧಿ ಮುಗಿದ 30-9-2025ರಂದು ಮನೆ ಖಾಲಿ ಮಾಡಿ ಮೂರೂ ಬೀಗದ ಕೈಗಳನ್ನು ಒಪ್ಪಿಸಿದ್ದೇನೆ. ಪಡೆದುಕೊಂಡಿದ್ದಕ್ಕೆ ತಾವು ಸಹಿ ಮಾಡಿದ್ದೀರಿ. ಕರಾರಿನ 7ನೇ ಷರತ್ತಿನಂತೆ ಅಲ್ಲಿಂದ 15 ದಿನದೊಳಗೆ, ಅಂದರೆ 15-10-2025ರೊಳಗೆ ಠೇವಣಿ ಹಿಂದಿರುಗಿಸಬೇಕಿತ್ತು.

ಅದರ ಬದಲು 18-10-2025ರ ವಾಟ್ಸ್ಆಪ್ ಸಂದೇಶದಲ್ಲಿ ಬಣ್ಣಕ್ಕೆ 38,000, ಅಡುಗೆಮನೆ ಕಲ್ಲಿಗೆ 7,000 ಮುರಿದುಕೊಂಡು, ಉಳಿದದ್ದನ್ನು ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುವುದಾಗಿ ತಿಳಿಸಿದ್ದೀರಿ. ಹೊಸಬರು ಬರುವವರೆಗೆ ಕಾಯಬೇಕೆಂಬ ಷರತ್ತು ಕರಾರಿನಲ್ಲಿ ಎಲ್ಲಿಯೂ ಇಲ್ಲ.

ಕಲ್ಲಿನ ಅಂಚು ಒಡೆದಿರುವುದು ನಾನು ಮನೆಗೆ ಬರುವ ಮೊದಲೇ ಇದ್ದದ್ದು. ತಾವೇ ಸಹಿ ಹಾಕಿದ ವಸ್ತುಪಟ್ಟಿಯಲ್ಲಿ ಅದು ನಮೂದಾಗಿದೆ. ಬಣ್ಣದ ವಿಷಯಕ್ಕೆ ಬಂದರೆ, ಮಲಗುವ ಕೋಣೆಯ ಗೋಡೆ ಉಬ್ಬಿ ಪದರ ಉದುರಿದ್ದು ಮೇಲಿನ ನೀರಿನ ಟ್ಯಾಂಕಿನ ಬುಡ ಸೋರಿದ್ದರಿಂದ. ಕಳೆದ ಜೂನ್‌ನಲ್ಲೇ ಫೋಟೋ ಸಹಿತ ತಿಳಿಸಿದ್ದೆ, ದುರಸ್ತಿಯಾಗಲಿಲ್ಲ. ಉಳಿದ ಗೋಡೆಗಳಲ್ಲಿ ಬಣ್ಣ ಮಾಸಿರುವುದು ವಾಸದಿಂದಾದ ಸಹಜ ಸವೆತ. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಕಲಂ 108(ಎಂ) ಪ್ರಕಾರ ಅದಕ್ಕೆ ಬಾಡಿಗೆದಾರರು ಹೊಣೆಯಲ್ಲ. ಆದರೂ 9ನೇ ಷರತ್ತಿನಲ್ಲಿ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಒಪ್ಪಿಕೊಂಡಿರುವುದರಿಂದ ಅಷ್ಟನ್ನು ಬಿಟ್ಟುಕೊಡುತ್ತೇನೆ. ಅದಕ್ಕಿಂತ ಹೆಚ್ಚು ಕೇಳಲು ಕರಾರಿನಲ್ಲಿ ಆಧಾರವಿಲ್ಲ.

ಲೆಕ್ಕ ಹೀಗಿದೆ:
ಠೇವಣಿ: 1,20,000 ರೂ.
ಕಳೆಯಬೇಕಾದದ್ದು, ಸುಣ್ಣಬಣ್ಣ: 10,000 ರೂ.
ಕಳೆಯಬೇಕಾದದ್ದು, ಸೆಪ್ಟೆಂಬರ್ ಕರೆಂಟ್ ಬಿಲ್: 640 ರೂ.
ಬರಬೇಕಾದದ್ದು: 1,09,360 ರೂ.

ಈ ಪತ್ರ ತಲುಪಿದ 15 ದಿನದೊಳಗೆ 1,09,360 ರೂ.ಗಳನ್ನು, ಠೇವಣಿ ಕಳುಹಿಸಿದ್ದ ನನ್ನ ಅದೇ ಖಾತೆಗೆ, ಒಂದೇ ಕಂತಿನಲ್ಲಿ ಜಮಾ ಮಾಡಬೇಕು. ಯಾವುದೇ ಕಡಿತವನ್ನು ಸಮರ್ಥಿಸುವುದಿದ್ದರೆ ಅದೇ ಅವಧಿಯೊಳಗೆ ಬಿಲ್ಲು, ರಸೀದಿ ಸಮೇತ ಲಿಖಿತ ಉತ್ತರ ಕೊಡಿ. ಬರೀ ಅಂದಾಜು ಪಟ್ಟಿಯನ್ನು ಒಪ್ಪುವುದಿಲ್ಲ. ಗಡುವಿನೊಳಗೆ ಹಣ ಬಂದರೆ ಬಡ್ಡಿ ಕೇಳುವುದಿಲ್ಲ.

ಬಾರದಿದ್ದಲ್ಲಿ, 1978ರ ಬಡ್ಡಿ ಕಾಯಿದೆಯ ಕಲಂ 3ರಂತೆ 16-10-2025ರಿಂದ ವಾರ್ಷಿಕ ಶೇ 9ರ ಬಡ್ಡಿ (ದಿನಕ್ಕೆ ಸುಮಾರು 27 ರೂ.) ಹಾಗೂ ಖರ್ಚು ಸೇರಿಸಿ ಹಾಸನದ ಸಿವಿಲ್ ನ್ಯಾಯಾಲಯದಲ್ಲಿ ವಸೂಲಿ ದಾವೆ ಹೂಡುತ್ತೇನೆ. ತಾವು ಪತ್ರ ಪಡೆಯಲು ನಿರಾಕರಿಸಿ ಅದು ಹಿಂದಿರುಗಿದರೂ ತಲುಪಿದೆಯೆಂದೇ ಭಾವಿಸಿ, ಆ ದಿನದಿಂದ ಗಡುವು ಎಣಿಸಲಾಗುವುದು.

ಲಗತ್ತು: ಕರಾರು, ವಸ್ತುಪಟ್ಟಿ, ಬ್ಯಾಂಕ್ ವಿವರ, ಬೀಗದ ಕೈ ಒಪ್ಪಿಸಿದ ಪತ್ರ, ಜೂನ್ ತಿಂಗಳ ಸಂದೇಶ ಮತ್ತು ಫೋಟೋಗಳು, ಅಂತಿಮ ಕರೆಂಟ್ ಬಿಲ್ (ಎಲ್ಲವೂ ನಕಲು).

ತಮ್ಮ ವಿಶ್ವಾಸಿ,
(ಸಹಿ)
ಕೆ. ಶೋಭಾ